ಮೂರು ಸಾಲಿನ ಒಬ್ಬ ಮಂಜುನಾಥ

ದಾವಣಗೆರೆಯ ಒಂದು ಕನ್ನಡಕದ ಅಂಗಡಿ. ಪೇಟೆಯಲ್ಲೊಂದು, ಬಡಾವಣೆಯಲ್ಲೊಂದು, ಹೀಗೆ ಎರಡು ಕಡೆ ವ್ಯಾಪಾರ. ಎರಡು ಕಡೆಯೂ ಬೇರೆ ಬೇರೆ ಬಿಲ್ಲಿಂಗ್ ಸಾಫ್ಟ್‌ವೇರ್. ಎರಡನ್ನೂ ಒಂದು ಮಾಡಿ, ಗಿರಾಕಿಗಳ ಪಟ್ಟಿಯನ್ನು ಹಸನು ಮಾಡಿಕೊಡುವ ಕೆಲಸ ನನ್ನ ಪಾಲಿಗೆ ಬಂತು. ಸುಮಾರು ಹತ್ತು ಸಾವಿರ ಸಾಲುಗಳ ಪಟ್ಟಿ. ಮಾಲೀಕರು ಮೊದಲ ದಿನವೇ ಹೇಳಿದರು: “ಇಷ್ಟು ಜನ ನಮ್ಮಲ್ಲಿಗೆ ಬಂದೇ ಇಲ್ಲ ಸರ್. ಒಬ್ಬೊಬ್ಬರೇ ಮೂರು ನಾಲ್ಕು ಸಲ ಸೇರಿಕೊಂಡಿದ್ದಾರೆ.”

ಒಬ್ಬ ಗಿರಾಕಿ ಎರಡು ಸಲ ಪಟ್ಟಿಯಲ್ಲಿದ್ದರೆ ದೀಪಾವಳಿಯ ಮೆಸೇಜು ಎರಡು ಸಲ ಹೋಗುತ್ತದೆ, ಅಷ್ಟೇ ತಾನೆ ಎಂದು ಅನ್ನಿಸಬಹುದು. ಕನ್ನಡಕದ ಅಂಗಡಿಯಲ್ಲಿ ಅಷ್ಟಕ್ಕೇ ನಿಲ್ಲುವುದಿಲ್ಲ. ಅಲ್ಲಿ ಒಂದು ಸಾಲೆಂದರೆ ಒಬ್ಬರ ಕಣ್ಣಿನ ಪವರ್. ಕನ್ನಡಕ ಒಡೆದುಕೊಂಡು ಬಂದ ಒಬ್ಬ ಅಮ್ಮನಿಗೆ ಹಳೆಯ ಸಾಲು ಹುಡುಕಿ ಮಸೂರ ಹಾಕಿಸಿಕೊಟ್ಟಿದ್ದರು. ಆಕೆ ನಡುವೆ ಒಮ್ಮೆ ಇನ್ನೊಂದು ಅಂಗಡಿಯಲ್ಲಿ ಕಣ್ಣು ತೋರಿಸಿ ಪವರ್ ಬದಲಾಯಿಸಿಕೊಂಡಿದ್ದದ್ದು ಬೇರೆ ಕಾಗುಣಿತದ ಇನ್ನೊಂದು ಸಾಲಿನಲ್ಲಿತ್ತು. ಐದು ವರ್ಷ ಹಳೆಯ ಪವರಿನ ಕನ್ನಡಕ ಹಾಕಿಕೊಂಡು ಆಕೆ ವಾರವಿಡೀ ತಲೆನೋವು ಪಟ್ಟರು. ಆಮೇಲೆ ನೋಡಿದರೆ, ಇದರ ತಿರುವುಮುರುವಾದ ತಪ್ಪು ಇನ್ನೂ ಕೆಟ್ಟದ್ದು: ತಾಯಿ ಮಗಳ ಸಾಲುಗಳನ್ನು ಒಂದೇ ಎಂದು ಸೇರಿಸಿಬಿಟ್ಟರೆ ಒಬ್ಬರ ಪವರ್ ಇನ್ನೊಬ್ಬರ ಕಣ್ಣಿಗೆ ಹೋಗುತ್ತದೆ. ಈ ಎರಡು ತಪ್ಪುಗಳ ನಡುವೆ ದಾರಿ ಹಿಡಿಯುವುದೇ ಈ ಕೆಲಸ.

ಮಾತು ಐದು ಸಾಲುಗಳ ಸುತ್ತಲೇ ಇರಲಿ. ನಂಬರು ಯಾರಿಗೂ ಸೇರಬಾರದೆಂದು 5ರಿಂದ ಶುರುವಾಗುವಂತೆ ಬದಲಿಸಿದ್ದೇನೆ. ನಮ್ಮ ದೇಶದ ಮೊಬೈಲ್ ನಂಬರುಗಳು 6, 7, 8 ಅಥವಾ 9ರಿಂದ ಶುರುವಾಗುತ್ತವೆ. ಹೆಸರುಗಳೂ ನಾನು ಇಟ್ಟವೇ. ಕೊನೆಯ ಎರಡು ಅಂಕಣಗಳು ಬಿಲ್ಲಿನ ವರ್ಷ ಮತ್ತು ಅಂದು ಹೇಳಿದ ವಯಸ್ಸು.

```
1  H.S. Manjunatha   05984512340       2018   46
2  MANJUNATH H S     +91 59845 12340   2021   49
3  Manju Nath        5984513240        2023   50
4  Manjula M         5984512340        2021   43
5  H S Manjunath     5671200987        2024   52
```

ಇಲ್ಲಿ ಎಷ್ಟು ಜನ ಇದ್ದಾರೆ? ಕಂಪ್ಯೂಟರಿನ ಮಟ್ಟಿಗೆ ಐದು. ಅಕ್ಷರಕ್ಕೆ ಅಕ್ಷರ ಹೊಂದದ ಎರಡು ಸಾಲುಗಳು ಅದಕ್ಕೆ ಬೇರೆ ಬೇರೆಯೇ.

ನಂಬರಿನಿಂದ ಶುರು ಮಾಡುವುದು ಸುಲಭ. ಮೊದಲನೆಯ ಸಾಲಿನಲ್ಲಿ ಮುಂದೊಂದು ಸೊನ್ನೆ ಇದೆ, ಎರಡನೆಯದರಲ್ಲಿ ದೇಶದ ಕೋಡೂ ನಡುನಡುವೆ ಜಾಗವೂ ಇವೆ. ಜಾಗ, ಅಡ್ಡಗೆರೆ ತೆಗೆದು ಬಲಗಡೆಯ ಹತ್ತು ಅಂಕಿ ಉಳಿಸಿಕೊಂಡರೆ ಎರಡೂ ಒಂದೇ. ಎಕ್ಸೆಲ್ ಬಲ್ಲ ಯಾರಾದರೂ ಈ ಒಂದು ಸೂತ್ರದಲ್ಲಿ ಮಾಡಿಕೊಳ್ಳಬಹುದು:

```
=RIGHT(SUBSTITUTE(SUBSTITUTE(A2," ",""),"-",""),10)
```

ಆದರೆ ಕಣ್ಣು ಮುಚ್ಚಿಕೊಂಡು ಈ ಸೂತ್ರವನ್ನು ಕೆಳಗಿನವರೆಗೂ ಎಳೆಯಬೇಡಿ. ಕರ್ನಾಟಕದ ಊರುಗಳ ಎಸ್‌ಟಿಡಿ ಕೋಡುಗಳೆಲ್ಲ 08ರಿಂದ ಶುರುವಾಗುತ್ತವೆ: ಬೆಂಗಳೂರಿಗೆ 080, ಹುಬ್ಬಳ್ಳಿಗೆ 0836, ದಾವಣಗೆರೆಗೆ 08192. ಕೋಡು ಸೇರಿದ ಸ್ಥಿರ ದೂರವಾಣಿ ನಂಬರಿನಲ್ಲಿ ಒಟ್ಟು ಹನ್ನೊಂದು ಅಂಕಿ. ಮುಂದಿನ ಸೊನ್ನೆ ಕತ್ತರಿಸಿದ ಕೂಡಲೇ ಅದು 8ರಿಂದ ಶುರುವಾಗುವ ಮೊಬೈಲ್ ನಂಬರಿನಂತೆಯೇ ಕಾಣುತ್ತದೆ. ಆಮೇಲೆ ಅದು ಮನೆಯ ಫೋನೋ ಒಬ್ಬರ ಜೇಬಿನ ಫೋನೋ ಗೊತ್ತಾಗುವುದಿಲ್ಲ. ಅದಕ್ಕೇ ಕತ್ತರಿಸುವ ಮೊದಲು ನಿಮ್ಮ ಊರಿನ ಮತ್ತು ಸುತ್ತಲ ಊರುಗಳ ಕೋಡಿರುವ ಸಾಲುಗಳಿಗೆ ಗುರುತು ಹಾಕಿ ಬದಿಗಿಡಬೇಕು. ಇನ್ನೊಂದು ಅಪಾಯ ಫೈಲಿನೊಳಗೇ ಇರುತ್ತದೆ. 91 ಸೇರಿದ ಹನ್ನೆರಡು ಅಂಕಿಯ ನಂಬರನ್ನು ಎಕ್ಸೆಲ್ `9.19E+11` ಎಂಬ ರೂಪದಲ್ಲಿ ತೋರಿಸುತ್ತದೆ. ಅದನ್ನು ಹಾಗೆಯೇ ಸಿಎಸ್‌ವಿ ಫೈಲಾಗಿ ಉಳಿಸಿದರೆ ಹಿಂದಿನ ಅಂಕಿಗಳು ಹೋದವೇ. ಬಂದ ಪಟ್ಟಿಯಲ್ಲಿ ಹಿಂಡುಹಿಂಡಾಗಿ ಸೊನ್ನೆಗಳಲ್ಲಿ ಮುಗಿಯುವ ನಂಬರು ಕಂಡರೆ ಇದೇ ಆಗಿದೆ ಎಂದು ತಿಳಿಯಬೇಕು. ಅವನ್ನು ಸೂತ್ರದಿಂದ ಮರಳಿ ಪಡೆಯಲಾಗದು, ಮೂಲ ಸಾಫ್ಟ್‌ವೇರಿಗೇ ಹೋಗಿ ಹೊಸದಾಗಿ ತೆಗೆಯಬೇಕು.

ಇಷ್ಟಾದ ಮೇಲೂ ಮೂರನೆಯ ಸಾಲು ಹೊಂದುವುದಿಲ್ಲ. ನಿಧಾನಕ್ಕೆ ನೋಡಿ: `12340` ಇರಬೇಕಾದಲ್ಲಿ `13240` ಇದೆ. ಅಕ್ಕಪಕ್ಕದ ಎರಡು ಅಂಕಿ ಅದಲುಬದಲು. ಕೌಂಟರಿನಲ್ಲಿ ನಿಂತು ಯಾರೋ ನಂಬರು ಹೇಳುವಾಗ, ಇತ್ತ ಬೆರಳು ಓಡುವಾಗ ಸದಾ ಆಗುವ ತಪ್ಪಿದು. “ನಾಲ್ಕು ಸೊನ್ನೆ” ಎಂದರೆ ನಾಲ್ಕು ಮತ್ತು ಸೊನ್ನೆಯೋ, ನಾಲ್ಕು ಸಲ ಸೊನ್ನೆಯೋ ಎಂಬ ಗೊಂದಲವೂ ಉಂಟು. ಆಧಾರ್ ಸಂಖ್ಯೆಯ ಕೊನೆಯ ಅಂಕಿಯನ್ನು ಉಳಿದ ಹನ್ನೊಂದರಿಂದ ಲೆಕ್ಕ ಹಾಕಿ ಇಟ್ಟಿರುತ್ತಾರೆ, ಒಂದಂಕಿ ತಪ್ಪಿದರೂ ತಾಳೆ ನೋಡಿ ಹಿಡಿಯಬಹುದು. ಮೊಬೈಲ್ ನಂಬರಿಗೆ ಅಂಥ ಕಾವಲಂಕಿ ಇಲ್ಲ. ತಪ್ಪಿದ ನಂಬರೂ ಇನ್ನೊಬ್ಬರ ಸರಿಯಾದ ನಂಬರೇ ಆಗಿರಬಹುದು. ಹಾಗಾಗಿ ಒಂದಂಕಿ ತಪ್ಪಿರುವುದನ್ನು ನಂಬರಿನಿಂದಲೇ ಕಂಡುಹಿಡಿಯಲಾಗದು, ಹೆಸರಿನ ಆಸರೆ ಬೇಕು.

ನಿಜವಾದ ಕಷ್ಟ ಇರುವುದು ಹೆಸರಿನಲ್ಲಿ. ಕನ್ನಡದಲ್ಲಿ ಮಂಜುನಾಥ ಎಂಬುದನ್ನು ಬರೆಯಲು ಇರುವುದು ಒಂದೇ ರೀತಿ. ಇಂಗ್ಲಿಷ್ ಅಕ್ಷರಕ್ಕೆ ಹೋದ ಕೂಡಲೇ ಕೊನೆಯ `a` ಇರಬೇಕೋ ಬೇಡವೋ, `th` ಬೇಕೋ `t` ಸಾಕೋ ಎಂಬುದು ಕೌಂಟರಿನಲ್ಲಿ ಕೂತವರ ಕಿವಿಗೆ, ರೂಢಿಗೆ ಬಿಟ್ಟ ವಿಷಯ. ವಿಜಯಲಕ್ಷ್ಮಿ ಒಬ್ಬರ ಕೈಯಲ್ಲಿ `Vijayalakshmi`, ಇನ್ನೊಬ್ಬರ ಕೈಯಲ್ಲಿ `Vijaylaxmi`. ಗೌಡರು `Gowda`, `Gouda` ಎರಡೂ. ಫಕೀರಪ್ಪನವರು `Fakirappa`, `Phakirappa`, ಕೆಲವೆಡೆ `Pakirappa`.

ಉಚ್ಚಾರಣೆ ಒಂದೇ ಆಗಿದ್ದು ಕಾಗುಣಿತ ಬೇರೆಯಾದ ಹೆಸರುಗಳನ್ನು ಒಟ್ಟುಗೂಡಿಸುವ ಯತ್ನ ಹಳೆಯದು. ಸೌಂಡೆಕ್ಸ್ ಎಂಬ ವಿಧಾನಕ್ಕೆ ಅಮೆರಿಕದ ರಾಬರ್ಟ್ ರಸೆಲ್ 1918ರಲ್ಲಿ ಪೇಟೆಂಟ್ ಪಡೆದರು. ಮೊದಲಕ್ಷರ ಉಳಿಸಿಕೊಂಡು, ಸ್ವರಗಳನ್ನು ಬಿಟ್ಟು, ಸದ್ದಿನಲ್ಲಿ ಹತ್ತಿರವಿರುವ ವ್ಯಂಜನಗಳಿಗೆ ಒಂದೇ ಅಂಕಿ ಕೊಡುವ ವಿಧಾನ ಅದು. ಇಂದಿಗೂ ಅನೇಕ ಡೇಟಾಬೇಸುಗಳಲ್ಲಿ ಸಿದ್ಧವಾಗಿ ಸಿಗುತ್ತದೆ. ಲಕ್ಷ್ಮಿಯ ಎರಡೂ ಕಾಗುಣಿತಕ್ಕೆ `L250` ಎಂದೇ ಬರುತ್ತದೆ, ಖುಷಿಯಾಗುತ್ತದೆ. ಗೌಡನ ಎರಡೂ ರೂಪಕ್ಕೆ `G300`, ಅದೂ ಸರಿ. ಆದರೆ ಗೀತಾ ಎಂಬ `Geetha` ಕೂಡ `G300`! ಅತ್ತ ಫಕೀರಪ್ಪನವರು ಮೊದಲಕ್ಷರದ ದೆಸೆಯಿಂದ `F261`, `P261` ಎಂದು ಎರಡಾಗಿ ಒಡೆಯುತ್ತಾರೆ. ಆ ವಿಧಾನ ಹುಟ್ಟಿದ್ದು ಇಂಗ್ಲಿಷ್ ಬಾಯಲ್ಲಿ ಓಡಾಡುವ ಹೆಸರುಗಳಿಗಾಗಿ. ನಮ್ಮ ಹೆಸರುಗಳ ಜೀವ ಇರುವುದು ಸ್ವರದಲ್ಲಿ, ಸ್ವರ ಬಿಟ್ಟರೆ ಉಳಿಯುವುದು ಕಡಿಮೆ.

ಮತ್ತೊಂದು ದಾರಿ ಎಷ್ಟು ಅಕ್ಷರ ತಿದ್ದಿದರೆ ಒಂದು ಪದ ಇನ್ನೊಂದಾಗುತ್ತದೆ ಎಂದು ಎಣಿಸುವುದು. ರಷ್ಯದ ಗಣಿತಜ್ಞ ವ್ಲಾದಿಮಿರ್ ಲೆವೆನ್‌ಷ್ಟೈನ್ 1965ರಲ್ಲಿ ಮುಂದಿಟ್ಟ ಅಳತೆ. ಇದನ್ನೂ ನಮ್ಮ ಹೆಸರುಗಳ ಮೇಲೆ ನೇರವಾಗಿ ಹಚ್ಚಿ ನೋಡಿ. `Ramesh` ಮತ್ತು `Rajesh` ನಡುವೆ ಒಂದೇ ಅಕ್ಷರದ ಅಂತರ, ಆದರೆ ಇಬ್ಬರು ಬೇರೆ ಮನುಷ್ಯರು. ವಿಜಯಲಕ್ಷ್ಮಿಯ ಮೇಲಿನ ಎರಡು ರೂಪಗಳ ನಡುವೆ ನಾಲ್ಕು ತಿದ್ದುಪಡಿ, ಆದರೆ ಹೆಸರು ಒಂದೇ. ಅಂದರೆ ಅಳತೆಗೋಲು ಸರಿಯಿದ್ದರೂ ಅಳೆಯುವ ವಸ್ತು ಇನ್ನೂ ಸಿದ್ಧವಾಗಿಲ್ಲ.

ಸಿದ್ಧಮಾಡುವುದೆಂದರೆ, ಯಾವ ಯಾವ ಇಂಗ್ಲಿಷ್ ಅಕ್ಷರಗಳನ್ನು ನಮ್ಮವರು ಒಂದೇ ಸದ್ದಿಗೆ ಬಳಸುತ್ತಾರೆ ಎಂಬುದನ್ನು ಪಟ್ಟಿ ಮಾಡಿ, ಎಲ್ಲವನ್ನೂ ಒಂದೇ ರೂಪಕ್ಕೆ ಇಳಿಸುವುದು. ಶ್ರೀ, ಶ್ರೀಮತಿ, ಡಾಕ್ಟರ್ ತೆಗೆದುಹಾಕಿ, ಚುಕ್ಕೆ ಇದ್ದಲ್ಲಿ ಖಾಲಿ ಜಾಗ ಇಟ್ಟು, ಒಂಟಿ ಅಕ್ಷರದ ಇನಿಷಿಯಲ್‌ಗಳನ್ನು ಬೇರೆ ಅಂಕಣಕ್ಕೆ ಸರಿಸಿ, ಉಳಿದದ್ದನ್ನು ಸಣ್ಣಕ್ಷರದಲ್ಲಿ ಜೋಡಿಸಿದ ಮೇಲೆ ನಾನು ಬಳಸಿದ ನಿಯಮಗಳಿವು:

```
ksh -> x
sh  -> s
th  -> t      dh -> d      ph -> f
ee  -> i      oo -> u
ou, ow, au -> o
w   -> v
ಜೋಡಿ ಅಕ್ಷರ -> ಒಂಟಿ
ಕೊನೆಯ a -> ಬಿಡುವುದು
```

ಮೇಲಿನಿಂದ ಕೆಳಕ್ಕೆ ಇದೇ ಅನುಕ್ರಮದಲ್ಲಿ ನಡೆಯಬೇಕು. `sh` ನಿಯಮ ಮೊದಲು ಓಡಿದರೆ `ksh` ಎಂಬುದು `ks` ಆಗಿ ಲಕ್ಷ್ಮಿಯರು ಮತ್ತೆ ಎರಡಾಗುತ್ತಾರೆ. ಈಗ ಗೌಡರ ಎರಡೂ ರೂಪ `god`, ಗೀತಾ `git`. ವಿಜಯಲಕ್ಷ್ಮಿಯ ಎರಡು ರೂಪಗಳ ನಡುವಿನ ಅಂತರ ನಾಲ್ಕರಿಂದ ಒಂದಕ್ಕೆ ಇಳಿಯಿತು. ನಮ್ಮ ಒಂದು, ಎರಡು, ಮೂರು, ಐದನೆಯ ಸಾಲುಗಳ ಹೆಸರೆಲ್ಲ `manjunat` ಎಂದಾದವು. ಇಲ್ಲಿಗೆ ಬಂದ ಮೇಲೆ ಲೆವೆನ್‌ಷ್ಟೈನ್ ಅಳತೆಗೆ ಅರ್ಥ ಬರುತ್ತದೆ. ಉಳಿದ ಒಂದಕ್ಷರದ ವ್ಯತ್ಯಾಸ ಬೆರಳು ತಪ್ಪಿದ್ದಿರಬಹುದು, ಪಕೀರಪ್ಪನಂಥ ಪ್ರಾಂತ್ಯದ ನುಡಿಯಿರಬಹುದು.

ಈ ಕಾಯಿಸುವಿಕೆಯಲ್ಲಿ ಕರಗಬಾರದ್ದೂ ಕರಗುತ್ತದೆ. ಕೊನೆಯ `a` ಬಿಟ್ಟರೆ ಕಮಲಾ ಮತ್ತು ಕಮಲ್ ಒಂದಾಗುತ್ತಾರೆ. ಇನ್ನು `Rama` ಎಂದಿದ್ದರೆ ಅದು ರಾಮನೋ ರಮಾಳೋ ಎಂದು ನಿಯಮ ಹಚ್ಚುವ ಮೊದಲೇ ತಿಳಿಯದು. ಅದಕ್ಕೇ ಈ ಕರಗಿಸಿದ ರೂಪ ಬರೀ ಹುಡುಕುವುದಕ್ಕೆ. ಅದನ್ನು ಹೆಸರಿನ ಜಾಗದಲ್ಲಿ ಬರೆಯಬಾರದು, ಪಕ್ಕದ ಹೊಸ ಅಂಕಣದಲ್ಲಿ ಇಡಬೇಕು. ಮಂಜುನಾಥರ ಬಿಲ್ಲಿನ ಮೇಲೆ `manjunat` ಎಂದು ಅಚ್ಚಾಗಿ ಬಂದರೆ ಅವರಿಗೆ ಬೇಸರವಾಗುವುದು ನ್ಯಾಯವೇ.

ಇನ್ನು ಹೋಲಿಸುವುದು. ಹತ್ತು ಸಾವಿರ ಸಾಲುಗಳನ್ನು ಒಂದಕ್ಕೊಂದು ಜೋಡಿ ಮಾಡಿ ನೋಡುವುದಾದರೆ 4,99,95,000 ಜೋಡಿಗಳಾಗುತ್ತವೆ, ಹೆಚ್ಚುಕಡಿಮೆ ಐದು ಕೋಟಿ. ಅವುಗಳಲ್ಲಿ ಬಹುಪಾಲು ಅಬ್ದುಲ್ ಮತ್ತು ವಿಜಯಲಕ್ಷ್ಮಿಯನ್ನು ಹೋಲಿಸಿದ ಹಾಗೆ ವ್ಯರ್ಥ. ಹೀಗಾಗಿ ಏನಾದರೊಂದು ಮೊದಲೇ ಹೊಂದುವ ಸಾಲುಗಳನ್ನು ಗುಂಪು ಮಾಡಿ, ಗುಂಪಿನ ಒಳಗೆ ಮಾತ್ರ ಹೋಲಿಸುತ್ತೇವೆ. ನಾನು ಎರಡು ಸುತ್ತು ನಡೆಸಿದೆ. ಮೊದಲ ಸುತ್ತಿನಲ್ಲಿ ನಂಬರು ಒಂದೇ ಇರುವವರು: 1, 2 ಮತ್ತು 4 ಒಟ್ಟಿಗೆ ಬಂದರು. ಎರಡನೆಯ ಸುತ್ತಿನಲ್ಲಿ ಕರಗಿಸಿದ ಹೆಸರಿನ ಮೊದಲ ನಾಲ್ಕಕ್ಷರ ಒಂದೇ ಇರುವವರು: ಐದೂ ಸಾಲು ಬಂದವು. ನಂಬರು ತಪ್ಪಿದ ಮೂರನೆಯ ಸಾಲು ಮೊದಲ ಸುತ್ತಿನಲ್ಲಿ ನುಸುಳಿಕೊಂಡರೂ ಎರಡನೆಯದರಲ್ಲಿ ಸಿಕ್ಕಿತು. ಒಂದೇ ಸುತ್ತಿಗೆ ನಿಲ್ಲಿಸಿದವರ ಪಟ್ಟಿಯಲ್ಲಿ ಉಳಿಯುವ ನಕಲುಗಳು ಇಂಥವೇ.

ಸಿಕ್ಕ ಜೋಡಿ ಒಬ್ಬರೇ ಎಂದು ತೀರ್ಮಾನಿಸುವುದು ಹೇಗೆ? ಇದಕ್ಕೆ ಒಳ್ಳೆಯ ಉತ್ತರ ಕೊಟ್ಟವರು ಕೆನಡಾದ ತಳಿವಿಜ್ಞಾನಿ ಹೊವರ್ಡ್ ನ್ಯೂಕೂಂಬ್. ವಿಕಿರಣದ ಪರಿಣಾಮ ಪೀಳಿಗೆಯಿಂದ ಪೀಳಿಗೆಗೆ ಇಳಿಯುತ್ತದೆಯೇ ಎಂದು ತಿಳಿಯಲು ಅವರಿಗೆ ಮದುವೆಯ ದಾಖಲೆಗಳನ್ನೂ ಮಕ್ಕಳ ಜನನ ದಾಖಲೆಗಳನ್ನೂ ಜೋಡಿಸಬೇಕಿತ್ತು. 1959ರಲ್ಲಿ ಸಂಗಡಿಗರೊಂದಿಗೆ ಅವರು ಪ್ರಕಟಿಸಿದ ಲೇಖನದ ತಿರುಳು ಇಷ್ಟು: ಅಪರೂಪದ ಹೆಸರು ಹೊಂದಿದರೆ ಅದಕ್ಕೆ ಹೆಚ್ಚು ತೂಕ, ಊರಿಗೆಲ್ಲ ಇರುವ ಹೆಸರು ಹೊಂದಿದರೆ ಕಡಿಮೆ ತೂಕ. ಹತ್ತು ವರ್ಷದ ನಂತರ ಅದೇ ದೇಶದ ಅಂಕಿಅಂಶ ಇಲಾಖೆಯ ಇವಾನ್ ಫೆಲ್ಲೆಗಿ ಮತ್ತು ಆಲನ್ ಸಂಟರ್ ಇದಕ್ಕೆ ಗಣಿತದ ಕಟ್ಟು ಹಾಕಿದರು. ಇಂದಿನ ಉಚಿತ ಸಾಫ್ಟ್‌ವೇರುಗಳಲ್ಲಿ ಕೆಲವು ಆ ಕಟ್ಟಿನ ಮೇಲೇ ನಿಂತಿವೆ.

ಲೆಕ್ಕ ಕಷ್ಟದ್ದಲ್ಲ. ಒಬ್ಬರದೇ ಎರಡು ಸಾಲುಗಳಾಗಿದ್ದರೆ ಕರಗಿಸಿದ ಹೆಸರು ನೂರರಲ್ಲಿ ತೊಂಬತ್ತು ಸಲ ಹೊಂದುತ್ತದೆ ಎಂದಿಟ್ಟುಕೊಳ್ಳಿ. ಗಿರಾಕಿಗಳಲ್ಲಿ ನೂರಕ್ಕೊಬ್ಬ ಮಂಜುನಾಥ ಇದ್ದಾನೆಂದರೆ, ಬೇರೆಯವರದೂ ಅಕಸ್ಮಾತ್ ಹೊಂದುವ ಸಂಭವ ನೂರಕ್ಕೆ ಒಂದು. ತೊಂಬತ್ತನ್ನು ಒಂದರಿಂದ ಭಾಗಿಸಿದರೆ 90. ಈ ಹೊಂದಾಣಿಕೆಯ ತೂಕ ಅಷ್ಟು. ಚನ್ನಮಲ್ಲಿಕಾರ್ಜುನ ಎಂಬ ಹೆಸರು ಐದು ಸಾವಿರಕ್ಕೆ ಒಂದು ಇದ್ದರೆ, ಅದೇ ಲೆಕ್ಕದಲ್ಲಿ ತೂಕ 4,500. ಎರಡು ಕಡೆ ಚನ್ನಮಲ್ಲಿಕಾರ್ಜುನ ಕಂಡರೆ ಒಬ್ಬರೇ ಇರಬಹುದು ಎಂದು ನಾವು ಊಹಿಸುವುದೂ, ಎರಡು ಕಡೆ ಮಂಜುನಾಥ ಕಂಡರೆ ಸುಮ್ಮನಿರುವುದೂ ಇದೇ ತರ್ಕದಿಂದ. ನಂಬರು, ಹುಟ್ಟಿದ ವರ್ಷ, ಇನಿಷಿಯಲ್, ಬಡಾವಣೆ ಹೀಗೆ ಪ್ರತಿಯೊಂದಕ್ಕೂ ಇಂಥ ತೂಕ ಹಚ್ಚಿ ಗುಣಿಸುತ್ತಾರೆ. ಹೊಂದದಿದ್ದರೆ ತೂಕ ಒಂದಕ್ಕಿಂತ ಕಡಿಮೆಯಾಗಿ ಒಟ್ಟು ಕೆಳಗಿಳಿಯುತ್ತದೆ. ಒಂದು ಕಡೆ ಖಾಲಿ ಇದ್ದರೆ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಬಾರದು. ಮೂರನೆಯ ಸಾಲಿನಲ್ಲಿ ಇನಿಷಿಯಲ್ ಇಲ್ಲ, ಹಾಗೆಂದು ಅದು ಬೇರೆ ಇನಿಷಿಯಲ್ ಅಲ್ಲ.

ವಯಸ್ಸಿನ ವಿಷಯದಲ್ಲಿ ಒಂದು ಮಾತು. ಹಳೆಯ ಸಾಲಿನಲ್ಲಿ 46, ಹೊಸದರಲ್ಲಿ 49 ಎಂದಿದ್ದರೆ ಕಂಪ್ಯೂಟರಿಗೆ ಅದು ಹೊಂದದ ಮಾಹಿತಿ. ಬಿಲ್ಲಿನ ವರ್ಷದಿಂದ ವಯಸ್ಸು ಕಳೆದು ಹುಟ್ಟಿದ ವರ್ಷ ಮಾಡಿಕೊಳ್ಳಬೇಕು. ಆಗ 1, 2 ಮತ್ತು 5ನೆಯ ಸಾಲು 1972, ಮೂರನೆಯದು 1973, ನಾಲ್ಕನೆಯದು 1978. ಜನ ವಯಸ್ಸು ಹೇಳುವಾಗ ದುಂಡಗೆ ಮಾಡಿ ಹೇಳುವುದರಿಂದ ಒಂದೆರಡು ವರ್ಷದ ವ್ಯತ್ಯಾಸವನ್ನು ಹೊಂದಿದಂತೆಯೇ ಎಣಿಸಿದೆ.

ಹೀಗೆ 1, 2, 3 ಒಬ್ಬರೇ ಎಂದು ನಿಶ್ಚಯವಾಯಿತು. ಮೂರನೆಯದರ ನಂಬರಿನಲ್ಲಿ ಅಂಕಿ ಅದಲುಬದಲಾದದ್ದೂ, ಹೆಸರು ಮತ್ತು ವರ್ಷ ಹೊಂದಿದ್ದೂ ಒಂದಕ್ಕೊಂದು ಸಾಕ್ಷಿಯಾದವು. ಎಡಗಣ್ಣಿನ ಪವರ್ ಕೂಡ ಹೆಚ್ಚುಕಡಿಮೆ ಅದೇ ಇತ್ತು.

ನಾಲ್ಕನೆಯ ಸಾಲಿನಲ್ಲಿ ಎಲ್ಲರೂ ಎಡವುತ್ತಾರೆ. ನಂಬರು ಅಂಕಿಗೆ ಅಂಕಿ ಅದೇ, ಹೆಸರಿನ ಅಂತರ ಮೂರೇ ಅಕ್ಷರ. ‘ನಂಬರು ಒಂದೇ, ಹೆಸರು ಹತ್ತಿರ, ಆದ್ದರಿಂದ ಒಬ್ಬರೇ’ ಎಂಬ ನಿಯಮ ಇಟ್ಟರೆ ಮಂಜುಳಾ ಮಂಜುನಾಥರೊಳಗೆ ಮಾಯವಾಗುತ್ತಾರೆ. ಆಕೆ ಹೆಂಡತಿ, `M` ಎಂಬುದು ಗಂಡನ ಹೆಸರಿನ ಇನಿಷಿಯಲ್. ನಮ್ಮಲ್ಲಿ ಫೋನು ಮನೆಯದು. ಅಜ್ಜಿಯ ಕನ್ನಡಕಕ್ಕೆ ಮೊಮ್ಮಗನ ನಂಬರು, ಮಕ್ಕಳ ಕನ್ನಡಕಕ್ಕೆ ಅಪ್ಪನ ನಂಬರು. ನಂಬರಿಗೆ ಸಿಗಬೇಕಾದ ತೂಕ ಒಬ್ಬರೇ ಎಂಬುದಕ್ಕಲ್ಲ, ಒಂದೇ ಮನೆ ಎಂಬುದಕ್ಕೆ. ಆದ್ದರಿಂದ ಅವರಿಬ್ಬರನ್ನು ಸೇರಿಸದೆ, ‘ಕುಟುಂಬ’ ಎಂಬ ಬೇರೊಂದು ಅಂಕಣದಲ್ಲಿ ಕಟ್ಟಿದೆ. ಇನ್ನು ಕಾಲ ಸರಿದಂತೆ ನಂಬರೇ ಕೈ ಬದಲಾಯಿಸುತ್ತದೆ. ಬಳಸದೆ ನಿಂತುಹೋದ ನಂಬರನ್ನು 90 ದಿನ ಕಳೆದ ಮೇಲೆ ಕಂಪನಿಗಳು ಬೇರೊಬ್ಬರಿಗೆ ಕೊಡಬಹುದು. 2016ರ ಬಿಲ್ಲಿನ ನಂಬರು 2024ರಲ್ಲಿ ಅವರದೇ ಎಂಬ ಭರವಸೆ ಇಲ್ಲ.

ತಪ್ಪಾಗಿ ಸೇರಿಸಿದ್ದು ಗೊತ್ತಾಗುವುದು ಗುಂಪಿನ ಗಾತ್ರದಲ್ಲಿ. ಒಂದು ಎರಡರಂತೆ, ಎರಡು ಮೂರರಂತೆ, ಮೂರು ನಾಲ್ಕರಂತೆ ಎಂದು ಸರಪಳಿ ಬೆಳೆದರೆ ಕೊನೆಯಲ್ಲಿ ಒಂದನೆಯವರಿಗೂ ನಾಲ್ಕನೆಯವರಿಗೂ ಸಂಬಂಧವೇ ಇರುವುದಿಲ್ಲ. ಸೇರಿಸಿದ ಗುಂಪುಗಳನ್ನು ದೊಡ್ಡದರಿಂದ ಸಣ್ಣದಕ್ಕೆ ಜೋಡಿಸಿ ಮೇಲಿನಿಂದ ಓದಿದೆ. ಅತಿ ದೊಡ್ಡ ಗುಂಪಿನಲ್ಲಿ ಹತ್ತಾರು ಹೆಸರು, ಒಂದೇ ನಂಬರು. ವಿಚಾರಿಸಿದರೆ ಅದು ಕೌಂಟರಿನ ಹುಡುಗನ ಸ್ವಂತ ನಂಬರು! ಗಿರಾಕಿ ನಂಬರು ಕೊಡಲು ಹಿಂಜರಿದಾಗ ಸಾಫ್ಟ್‌ವೇರ್ ಮುಂದೆ ಹೋಗಲು ಬಿಡದ ಕಾರಣ ಆತ ತನ್ನದನ್ನೇ ಒತ್ತುತ್ತಿದ್ದ. ಬಯ್ಯುವ ಮಾತೇ ಇಲ್ಲ, ಖಾಲಿ ಬಿಡಲು ಜಾಗ ಕೊಡದ್ದು ಸಾಫ್ಟ್‌ವೇರಿನ ತಪ್ಪು. `9999999999` ಎಂಬುದೂ ಬೇಕಾದಷ್ಟು ಕಡೆ ಇತ್ತು. ಐದಾರಕ್ಕಿಂತ ಹೆಚ್ಚು ಬೇರೆ ಬೇರೆ ಹೆಸರಿಗೆ ಅಂಟಿದ ನಂಬರುಗಳನ್ನು ಎಲ್ಲಕ್ಕಿಂತ ಮೊದಲು ಎಣಿಸಿ ತೆಗೆದಿಡಬೇಕೆಂದು ಅಂದು ಕಲಿತೆ.

ಸೇರಿಸುವಾಗ ಯಾವ ಸಾಲನ್ನೂ ಅಳಿಸಲಿಲ್ಲ. ಪ್ರತಿ ಮನುಷ್ಯನಿಗೂ ಹೊಸದೊಂದು ಗಿರಾಕಿ ಸಂಖ್ಯೆ ಕೊಟ್ಟು, 1, 2, 3ನೆಯ ಸಾಲುಗಳ ಪಕ್ಕ ಅದನ್ನು ಬರೆದೆ. ಪರದೆಯ ಮೇಲೆ ತೋರುವುದು ತೀರಾ ಇತ್ತೀಚಿನ ಪವರ್. ಹಳೆಯವು ತಾರೀಖಿನೊಂದಿಗೆ ಕೆಳಗೆ ಇರುತ್ತವೆ. ತಪ್ಪಾಗಿ ಸೇರಿಸಿದ್ದು ನಾಳೆ ಕಂಡರೆ ಆ ಸಂಖ್ಯೆ ಬದಲಾಯಿಸಿದರೆ ಸಾಕು, ಮೂಲ ಹಾಗೆಯೇ ಇದೆ.

ಉಳಿದದ್ದು ಐದನೆಯ ಸಾಲು. ಹೆಸರು, ಇನಿಷಿಯಲ್, ಹುಟ್ಟಿದ ವರ್ಷ ಎಲ್ಲ ಹೊಂದುತ್ತವೆ. ನಂಬರು ಮಾತ್ರ ಪೂರ್ತಿ ಬೇರೆ. ಬದಲಾಯಿಸಿಕೊಂಡಿರಬಹುದು. ಒಟ್ಟು ತೂಕ ಸೇರಿಸುವಷ್ಟು ಹೆಚ್ಚೂ ಅಲ್ಲ, ಬಿಡುವಷ್ಟು ಕಡಿಮೆಯೂ ಅಲ್ಲ. ಪವರ್ ನೋಡಿ ಹೇಳೋಣವೆಂದರೆ ಆ ದಿನ ಓದುವ ಪವರ್ ಒಂದನ್ನೇ ಬರೆದಿದ್ದರು. ಐವತ್ತರ ಆಸುಪಾಸಿನವರಲ್ಲಿ ಅದು ಬಹಳ ಜನರಿಗೆ ಹೆಚ್ಚುಕಡಿಮೆ ಒಂದೇ ಇರುತ್ತದೆ. ಇಂಥ ಜೋಡಿಗಳನ್ನೆಲ್ಲ ಒಂದು ಹಾಳೆಯಲ್ಲಿ ಮುದ್ರಿಸಿ ಕೌಂಟರಿನಲ್ಲಿ ಇಟ್ಟೆವು. ಆ ವ್ಯಕ್ತಿ ಮುಂದಿನ ಸಲ ಬಂದಾಗ ಕೇಳಬೇಕು, ಆದರೆ ಇನ್ನೊಂದು ಸಾಲಿನ ನಂಬರನ್ನಾಗಲಿ ವಿಳಾಸವನ್ನಾಗಲಿ ಓದಿ ಹೇಳಬಾರದು. ಬೇರೆಯವರಾಗಿದ್ದರೆ ಅದು ಇನ್ನೊಬ್ಬರ ಗುಟ್ಟು.

ಎರಡು ತಿಂಗಳ ಮೇಲೆ ಅವರು ಫ್ರೇಮಿನ ಸ್ಕ್ರೂ ಬಿಗಿ ಮಾಡಿಸಲು ಬಂದರು. ಕೌಂಟರಿನ ಹುಡುಗ ಹಾಳೆ ನೋಡಿಕೊಂಡು ಕೇಳಿದ: “ಸರ್, ನಿಮ್ಮ ಇನಿಷಿಯಲ್ ಪೂರ್ತಿ ಏನು?”

“ಹೊಳಲ್ಕೆರೆ ಸಿದ್ದಪ್ಪ ಮಂಜುನಾಥ. ಯಾಕಪ್ಪಾ?”

ಮೊದಲಿನ ಮೂರು ಸಾಲಿನವರು ಹರಿಹರ ಶಿವಪ್ಪ ಮಂಜುನಾಥ. ಹುಡುಗ ಐದನೆಯ ಸಾಲಿಗೆ ಹೊಸ ಗಿರಾಕಿ ಸಂಖ್ಯೆ ಕೊಟ್ಟು, ಎರಡೂ ಸಂಖ್ಯೆಗಳ ಎದುರು ‘ಬೇರೆಯವರು, ಕೇಳಿ ಖಚಿತಪಡಿಸಿದೆ’ ಎಂದು ತಾರೀಖು ಹಾಕಿ ಬರೆದ. ಮುಂದಿನ ವರ್ಷ ಇದೇ ಹೋಲಿಕೆ ಮತ್ತೆ ಓಡಿಸಿದಾಗ ಆ ಜೋಡಿಯನ್ನು ಕಂಪ್ಯೂಟರ್ ಮತ್ತೊಮ್ಮೆ ಎತ್ತಿ ತೋರಿಸದಂತೆ ಆ ಸಾಲನ್ನೂ ಲೆಕ್ಕಕ್ಕೆ ಸೇರಿಸಿದ್ದೇನೆ.